ಆಫೀಸು, ರೇಟಿಂಗ್ ಬಿಡಿ, ಇಮೇಲ್ ಯಾರ ಕೈಲಿದೆ ನೋಡಿ

ಪ್ರಶ್ನೆ: ಕೆನಡಾ ಕಾಲೇಜಿನ ಆಫರ್ ಲೆಟರ್ ಅನ್ನು ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಮೊದಲ ವರ್ಷದ ಫೀಸು ಅವರ ಖಾತೆಗೇ ಹಾಕಿ ಅಂತಿದ್ದಾರೆ. ಆಫೀಸ್ ದೊಡ್ಡದು, ರೇಟಿಂಗ್ ಕೂಡ ಚೆನ್ನಾಗಿದೆ. ನಂಬಬಹುದಾ?

ಹಾಕಬೇಡಿ. 2022ರಲ್ಲಿ ನನಗೂ ಹೀಗೇ ವಾಟ್ಸಾಪ್‌ನಲ್ಲೇ ಪತ್ರ ಬಂದಿತ್ತು. ಲೋಗೋ, ಸಹಿ, ಕೋರ್ಸಿನ ಹೆಸರು ಎಲ್ಲ ಸರಿಯಿತ್ತು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಇರುವ ಕಾಲೇಜಿಗೆ ಇರುವ ಡಿಎಲ್‌ಐ ನಂಬರನ್ನೂ ತಾಳೆ ನೋಡಿದ್ದೆ. ಅಪ್ಪ ಸಾಲ ಮಾಡಿ ಏಜೆಂಟ್ ಖಾತೆಗೆ ಹಣ ಹಾಕಿದರು.

ನಾನು ಎಡವಿದ್ದು ಇದಕ್ಕೂ ಮೊದಲೇ. ಅರ್ಜಿ ಹಾಕುವಾಗ ಏಜೆಂಟ್ ನನ್ನ ಹೆಸರಿನಲ್ಲಿ ಹೊಸ ಇಮೇಲ್ ಐಡಿ ಮಾಡಿದರು. "ಕಾಲೇಜಿನ ಮೇಲ್ ಮಿಸ್ ಆಗಬಾರದು, ನಾವೇ ನೋಡ್ಕೋತೀವಿ" ಅಂದರು. ಪಾಸ್‌ವರ್ಡ್ ನಾನು ಕೇಳಲೇ ಇಲ್ಲ. ಹಾಗಾಗಿ ಕಾಲೇಜು ನನಗೆ ಬರೆದದ್ದೆಲ್ಲ ಅವರಿಗೇ ಹೋಗುತ್ತಿತ್ತು. ಅವರು ಏನು ತೋರಿಸಿದರೋ ಅಷ್ಟೇ ನನಗೆ ಗೊತ್ತು. ಹಾಸ್ಟೆಲ್ ವಿಚಾರಿಸಲು ನನ್ನ ಸ್ವಂತ ಮೇಲ್‌ನಿಂದ ಕಾಲೇಜಿಗೆ ಬರೆದಾಗ ಉತ್ತರ ಬಂತು: ನಿಮ್ಮ ಅರ್ಜಿ ತಿರಸ್ಕಾರವಾಗಿದೆ, ಆಗಲೇ ತಿಳಿಸಿದ್ದೇವೆ, ನೀವು ಕೊಟ್ಟಿರುವ ಸ್ಟೂಡೆಂಟ್ ನಂಬರ್ ಬೇರೆಯವರದು. ತಿರಸ್ಕಾರದ ಪತ್ರ ಅದೇ ಇನ್‌ಬಾಕ್ಸ್‌ನಲ್ಲಿ ಬಿದ್ದಿತ್ತು. ನನಗೆ ಕೊಟ್ಟದ್ದು ಇನ್ಯಾರದೋ ಅಸಲಿ ಪತ್ರಕ್ಕೆ ನನ್ನ ಹೆಸರು ಅಂಟಿಸಿದ್ದು. ಡಿಎಲ್‌ಐ ನಂಬರ್ ತಾಳೆಯಾಗದೆ ಇನ್ನೇನು? ಅದು ಕೆನಡಾ ಸರ್ಕಾರದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಹಣ ಪೂರ್ತಿ ವಾಪಸ್ ಬರಲಿಲ್ಲ.

ನಾನು ವಿಮಾನ ಹತ್ತುವ ಮೊದಲೇ ತಿಳಿಯಿತು. ನಕಲಿ ಆಫರ್ ಲೆಟರ್‌ನಿಂದ 2023ರಲ್ಲಿ ಸುದ್ದಿಯಾದ ಪಂಜಾಬಿನ ಹುಡುಗರಿಗೆ ತಿಳಿದದ್ದು ವರ್ಷಗಳ ನಂತರ, ಕೆನಡಾದಲ್ಲೇ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿದಾಗ. ಅಲ್ಲಿ ಇಳಿದ ಮೇಲೆ "ಆ ಸೀಟು ಹೋಯ್ತು, ಬೇರೆ ಕಾಲೇಜು ಸೇರಿ" ಅಂತ ಏಜೆಂಟ್ ಹೇಳಿದ್ದನ್ನು ಅವರು ನಂಬಿದ್ದರು. ಗಡೀಪಾರಿನ ನೋಟಿಸ್ ಕೈಗೆ ಬಂತು.

ಈಗ ವೀಸಾ ಅರ್ಜಿ ಹೋದ ಮೇಲೆ ಕಾಲೇಜೇ ಪತ್ರವನ್ನು ದೃಢಪಡಿಸಬೇಕು, 2023ರ ಡಿಸೆಂಬರ್‌ನಿಂದ ಈ ನಿಯಮವಿದೆ. ಆದರೆ ಆ ಹೊತ್ತಿಗೆ ನಿಮ್ಮ ಫೀಸು ಏಜೆಂಟ್ ಕೈ ಸೇರಿರುತ್ತದೆ. ಸುಳ್ಳು ದಾಖಲೆ ಕೊಟ್ಟಿದ್ದಕ್ಕೆ ಬೀಳುವ ಐದು ವರ್ಷದ ನಿಷೇಧವೂ ಅರ್ಜಿದಾರರಾದ ನಿಮ್ಮ ಮೇಲೇ, ಏಜೆಂಟ್ ಮೇಲಲ್ಲ.

ಅದಕ್ಕೇ ಹೇಳೋದು, ಏಜೆಂಟ್ ಒಳ್ಳೆಯವನಾ ಅನ್ನೋ ಪ್ರಶ್ನೆಯೇ ಬೇಡ. ಕಾಲೇಜಿನ ವೆಬ್‌ಸೈಟಿಗೆ ನೀವೇ ಹೋಗಿ, ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗದ ಮೇಲ್ ಹುಡುಕಿ. ಪತ್ರದಲ್ಲಿರುವ ಮೇಲ್‌ಗೆ ಬರೆಯಬೇಡಿ, ಅದೂ ನಕಲಿ ಇರಬಹುದು. ಸ್ಟೂಡೆಂಟ್ ನಂಬರ್, ಜನ್ಮ ದಿನಾಂಕ, ಪತ್ರದ ಪ್ರತಿ ಕಳಿಸಿ, ಪತ್ರ ಅಸಲಿಯಾ, ಫೀಸು ಎಷ್ಟು, ಎಲ್ಲಿ ಕಟ್ಟಬೇಕು ಅಂತ ಕೇಳಿ. ಫೀಸಿನ ಅಂಕಿಯನ್ನು ತಿದ್ದಿ ಜಾಸ್ತಿ ಮಾಡಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಹಣ ನಿಮ್ಮ ಬ್ಯಾಂಕಿನಿಂದ ನೇರವಾಗಿ ಕಾಲೇಜಿಗೇ ಹೋಗಲಿ. "ಸೀಟು ಹೋಗುತ್ತೆ, ಇವತ್ತೇ ಹಾಕಿ" ಅಂದರೂ ಉತ್ತರ ಬರುವವರೆಗೆ ಒಂದು ರೂಪಾಯಿಯೂ ಬೇಡ. ಅರ್ಜಿಯ ಇಮೇಲ್ ಪಾಸ್‌ವರ್ಡ್ ಇವತ್ತೇ ಕೇಳಿ. ಕೊಡಲು ಸತಾಯಿಸಿದರೆ ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು ವಾಪಸ್ ಇಸ್ಕೊಂಡು ಬನ್ನಿ.