ಮೂರನೆಯ ಕೋರ್ಸ್ ಹುಡುಕುವ ಮೊದಲು

«ಪೈಥಾನ್ ಕಲಿಯಲು ಎರಡು ಉಚಿತ ವಿಡಿಯೊ ಕೋರ್ಸ್ ಪೂರ್ತಿ ನೋಡಿದೆ. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ, ಖಾಲಿ ಫೈಲ್ ತೆರೆದರೆ ಒಂದು ಸಾಲೂ ಹೊಳೆಯುವುದಿಲ್ಲ. ಮೂರನೆಯದಾಗಿ ಯಾವುದನ್ನು ನೋಡಲಿ?»

ನಮಸ್ಕಾರ. ಎರಡು ಕೋರ್ಸ್ ನೋಡಿದವರಿಗೆ ಪಾಠದ ಕೊರತೆ ಇರುವುದಿಲ್ಲ, ಆದ್ದರಿಂದ ಕೋರ್ಸಿನ ಹೆಸರನ್ನು ಕೊನೆಗೆ ಹೇಳುತ್ತೇನೆ. ಮೊದಲು ಒಂದು ಚಿಕ್ಕ ಕೆಲಸ ಮಾಡಿ ನೋಡಿ: ಒಂದು ವಾಕ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪ್ರೋಗ್ರಾಂ. ಡಿಕ್ಷನರಿ ಕಲಿಸುವ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಇದೇ ಉದಾಹರಣೆ ಇರುತ್ತದೆ, ನೀವೂ ನೋಡಿರಬಹುದು. ವಿಡಿಯೊ ಮುಚ್ಚಿ ನೆನಪಿನಿಂದ ಬರೆಯುವವರು ಬಹುತೇಕ ಹೀಗೆ ಬರೆಯುತ್ತಾರೆ:

```python
count = {}
for w in "go stop go".split():
    count[w] = count[w] + 1
print(count)
```

ಓಡಿಸಿದರೆ `KeyError: 'go'` ಎಂದು ನಿಲ್ಲುತ್ತದೆ. ಮೊದಲ ಸಲ ಆ ಪದ ಎದುರಾದಾಗ ಡಿಕ್ಷನರಿ ಖಾಲಿಯಾಗಿರುತ್ತದೆ. ಇಲ್ಲದ ಎಣಿಕೆಗೆ ಒಂದನ್ನು ಕೂಡಿಸಲು ಸಾಧ್ಯವಿಲ್ಲ. ಪಾಠ ಮಾಡುವವರು ಅಲ್ಲಿ `count.get(w, 0) + 1` ಎಂದು ಸರಾಗವಾಗಿ ಬರೆದು ಮುಂದೆ ಹೋಗಿರುತ್ತಾರೆ. ನೋಡುವವರ ಕಣ್ಣು ಆ ಸೊನ್ನೆಯನ್ನು ದಾಟಿಕೊಂಡು ಹೋಗುತ್ತದೆ, ಏಕೆಂದರೆ ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ವಿಡಿಯೊ ತೋರಿಸಿರುವುದಿಲ್ಲ. ಸೊನ್ನೆಯನ್ನು ಬಿಟ್ಟು `count.get(w) + 1` ಎಂದು ಒಮ್ಮೆ ನೀವೇ ಬರೆದು ನೋಡಿ. ಈ ಸಲ `TypeError` ಬರುತ್ತದೆ, ಅದರಲ್ಲಿ `NoneType` ಎಂಬ ಮಾತು ಇರುತ್ತದೆ. `get` ಗೆ ಆ ಪದ ಸಿಗದಿದ್ದಾಗ ಅದು `None` ಕೊಡುತ್ತದೆ, ಸೊನ್ನೆಯನ್ನು ನಾವೇ ಹೇಳಿಕೊಡಬೇಕು ಎಂಬುದು ಆಗ ಕೈಗೆ ತಿಳಿಯುತ್ತದೆ. ನಾನು ಈ ಎರಡು ದೋಷಗಳನ್ನು ಕಂಡದ್ದು, ಮೂರು ತಿಂಗಳು ವಿಡಿಯೊ ನೋಡಿ ಮುಗಿಸಿದ ಮೇಲೆ, ಕೆಲಸಕ್ಕೆಂದು ಮೊದಲ ಸಲ ಸ್ವಂತವಾಗಿ ಬರೆಯಲು ಕುಳಿತ ದಿನ. ಆ ಮೂರು ತಿಂಗಳ ಬಗ್ಗೆ ಇಂದಿಗೂ ಬೇಸರವಿದೆ.

ಈ ಪ್ರಶ್ನೆಗೆ ಉತ್ತರಿಸಿದ ಒಬ್ಬರು, ವಿಡಿಯೊ ನಿಲ್ಲಿಸಿ ನಿಲ್ಲಿಸಿ ಅದೇ ಕೋಡನ್ನು ಟೈಪ್ ಮಾಡಿದರೆ ಸಾಕು ಎಂದಿದ್ದಾರೆ. ಅದು ಅರ್ಧ ಸರಿ. ಆವರಣ, ಕೋಲನ್, ಸಾಲಿನ ಮುಂದಿನ ಖಾಲಿ ಜಾಗ ಇವು ಬೆರಳಿಗೆ ರೂಢಿಯಾಗುವುದು ಹಾಗೆಯೇ. ಆದರೆ ಪರದೆಯನ್ನು ನೋಡಿ ಬರೆಯುವಾಗ, ಮುಂದಿನ ಸಾಲು ಯಾವುದಿರಬೇಕು ಎಂಬ ನಿರ್ಧಾರವನ್ನು ಇನ್ನೊಬ್ಬರು ಮಾಡಿರುತ್ತಾರೆ, ನಿಮಗೆ ಅಭ್ಯಾಸವಾಗಬೇಕಾದದ್ದು ಆ ನಿರ್ಧಾರವೇ. ಆದ್ದರಿಂದ ಏಳೆಂಟು ನಿಮಿಷ ನೋಡಿ, ವಿಡಿಯೊ ಮುಚ್ಚಿ, ಹೊಸ ಫೈಲಿನಲ್ಲಿ ಬರೆಯಿರಿ. ಸಿಕ್ಕಿಕೊಂಡರೆ ಹತ್ತು ನಿಮಿಷ ಪ್ರಯತ್ನಿಸಿ, ಆಮೇಲೆ ಆ ಒಂದು ಸಾಲನ್ನು ಮಾತ್ರ ಹಿಂದಿರುಗಿ ನೋಡಿ, ಮತ್ತೆ ಮುಚ್ಚಿ. ಮರುದಿನ ಅದೇ ಪ್ರೋಗ್ರಾಮಿನಲ್ಲಿ ಏನನ್ನಾದರೂ ಬದಲಿಸಿ. ಉದಾಹರಣೆಗೆ ಪದಗಳ ಬದಲು ಅಕ್ಷರಗಳನ್ನು ಎಣಿಸಿ. `.split()` ಅಳಿಸಿದರೆ ಸಾಕೆಂದು ತೋರುತ್ತದೆ, ಆದರೆ ಆಗ ಪದಗಳ ನಡುವಿನ ಖಾಲಿ ಜಾಗವೂ ಒಂದು ಅಕ್ಷರವಾಗಿ ಎರಡು ಸಲ ಎಣಿಕೆಗೆ ಬರುತ್ತದೆ. ಅದನ್ನು ಕೈಬಿಡಲು ಒಂದು `if` ಬೇಕು, ಅದು ಯಾವ ವಿಡಿಯೊದಲ್ಲಿಯೂ ನಿಮಗೆ ಸಿಕ್ಕಿರದ, ನೀವೇ ಕಂಡುಕೊಂಡ ಸಾಲಾಗುತ್ತದೆ.

ಮುದ್ರಿತ ಪಾಠ ವಿಡಿಯೊಗಿಂತ ಮೇಲು ಎಂದು ಇನ್ನೊಬ್ಬ ಅನುಭವಿಗಳು ಹೇಳಿರುವುದನ್ನು ನಾನು ಪೂರ್ತಿ ಒಪ್ಪಲಾರೆ, ತಳ್ಳಿಹಾಕಲೂ ಆರೆ. ಓದುವಾಗ ವೇಗ ನಮ್ಮದೇ ಎಂಬುದು ನಿಜ. ಆದರೆ ಬೇರೆಯವರು ದೋಷವನ್ನು ಹುಡುಕಿ ತಿದ್ದುವ ರೀತಿಯನ್ನು ವಿಡಿಯೊದಲ್ಲಿ ನೋಡಿಯೇ ನಾನು ಕಲಿತಿದ್ದೇನೆ.

ಇನ್ನು ಆಯ್ಕೆ. ಕೋರ್ಸಿನ ಮೊದಲ ವಾರದ ಅಭ್ಯಾಸವನ್ನು ತೆರೆಯಿರಿ, ಪಾಠವನ್ನಲ್ಲ. ಉತ್ತರವನ್ನು ನೀವೇ ಬರೆದು ಒಪ್ಪಿಸಬೇಕೆ, ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ವ್ಯವಸ್ಥೆ ಇದೆಯೆ ಎಂದು ನೋಡಿ. ಬರಿಯ ಬಹು ಆಯ್ಕೆಯ ಪ್ರಶ್ನೆಗಳಿದ್ದರೆ ಬಿಟ್ಟುಬಿಡಿ. ಆವರಣವಿಲ್ಲದೆ `print "hello"` ಎಂದು ಬರೆಯುವ ಪಾಠವಾದರೆ ಅದು 2020ರ ಆರಂಭದಲ್ಲಿ ಬೆಂಬಲ ಮುಗಿದ ಪೈಥಾನ್ 2ರ ಕಾಲದ್ದು. ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಪೈಥಾನ್ ಕೋರ್ಸ್ ಹೆಚ್ಚಾಗಿ ಓದುವ ರೂಪದಲ್ಲಿದ್ದು, ಅಭ್ಯಾಸಗಳನ್ನು ತಾನೇ ಪರೀಕ್ಷಿಸುತ್ತದೆ. ವಿಡಿಯೊ ಬೇಕೇ ಬೇಕು ಎನ್ನುವವರಿಗೆ ಹಾರ್ವರ್ಡಿನ ಸಿಎಸ್50ಪಿ ಇದೆ. ಅದರಲ್ಲಿ ಉಪನ್ಯಾಸ ದೀರ್ಘವಾದರೂ ಪ್ರತಿ ವಾರದ ಸಮಸ್ಯೆಗಳನ್ನು `check50` ಎಂಬ ಆಜ್ಞೆಯಿಂದ ಪರೀಕ್ಷಿಸಿಕೊಳ್ಳಬಹುದು. ನಿಮ್ಮ ಸ್ಥಿತಿಗೆ ನಾನು ಹೆಲ್ಸಿಂಕಿಯದನ್ನೇ ಹೇಳುತ್ತೇನೆ. ಆರಂಭದ ಭಾಗಗಳು ಗೊತ್ತಿರುವಂತೆ ಕಂಡರೂ ಪಾಠವನ್ನು ಬಿಟ್ಟು ಅಭ್ಯಾಸಗಳನ್ನು ಮಾತ್ರ ಮಾಡುತ್ತಾ ಹೋಗಿ, ಎಲ್ಲಿ ಎರಡು ಅಭ್ಯಾಸಗಳು ಸತತವಾಗಿ ಬರೆಯಲಾಗದೆ ನಿಲ್ಲುತ್ತವೆಯೋ ಅಲ್ಲಿಂದ ಓದಲು ತೊಡಗಿ. ಅಕ್ಷರ ಎಣಿಸುವ ಆ ಪ್ರೋಗ್ರಾಮನ್ನು ಬರೆದ ಮೇಲೆ, ಓಡದಿದ್ದರೂ ಸರಿ, ಕೋಡನ್ನೂ ದೋಷದ ಕೊನೆಯ ಸಾಲನ್ನೂ ಇಲ್ಲಿಯೇ ಹಾಕಿ, ನೋಡುತ್ತೇನೆ.