ಎಲ್‌ಎ ಇದ್ದರೂ ಟ್ರಾನ್ಸ್‌ಫಾರ್ಮರ್ ಪಕ್ಕ ಇನ್ನೊಂದು ಎಲ್‌ಎ ಯಾಕೆ?

ಪ್ರಶ್ನೆ: "ನಮ್ಮ 220/66 ಕೆವಿ ಸ್ಟೇಷನ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಬಿಐಎಲ್ 950 ಕೆವಿ. ಎಲ್‌ಎ 198 ಕೆವಿ ರೇಟಿಂಗ್, 10 ಕೆಎಗೆ ರೆಸಿಡ್ಯುಯಲ್ ವೋಲ್ಟೇಜ್ 510 ಕೆವಿ. ಮಾರ್ಜಿನ್ 86 ಪರ್ಸೆಂಟ್ ಬರುತ್ತೆ. ಲೈನ್ ಎಂಟ್ರಿಯಲ್ಲಿ ಎಲ್‌ಎ ಇದ್ದೇ ಇದೆ, ಮತ್ತೆ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಇನ್ನೊಂದು ಸೆಟ್ ಸುಮ್ನೆ ಖರ್ಚಲ್ವಾ? ಮತ್ತೆ 220 ಲೈನಿಗೆ 198 ಎಲ್‌ಎ ಹೇಗೆ ಸಾಕಾಗುತ್ತೆ?"

ಖರ್ಚಲ್ಲ, ಬೇಕೇ ಬೇಕು. ಎಲ್‌ಎ ಅಂದರೆ ಲೈಟ್ನಿಂಗ್ ಅರೆಸ್ಟರ್, ಸಿಡಿಲಿನ ಸರ್ಜ್ ಅನ್ನು ಭೂಮಿಗೆ ಇಳಿಸುವ ಸಾಧನ. ಹಾಗೆ ಇಳಿಸುವಾಗ ಅದರ ಮೇಲೆ ಉಳಿಯುವ ವೋಲ್ಟೇಜೇ ರೆಸಿಡ್ಯುಯಲ್ ವೋಲ್ಟೇಜ್. ಬಿಐಎಲ್ ಅಂದರೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ತಡೆದುಕೊಳ್ಳುವ ಸಿಡಿಲಿನ ವೋಲ್ಟೇಜ್ ಮಟ್ಟ. ನೀವು ಲೆಕ್ಕ ಹಾಕಿದ 86 ಪರ್ಸೆಂಟ್ ತಪ್ಪಲ್ಲ. ಆದರೆ ಅದು ಎಲ್‌ಎ ತಲೆಯ ಮೇಲಿನ ಮಾರ್ಜಿನ್. ಟ್ರಾನ್ಸ್‌ಫಾರ್ಮರ್ ಬುಶಿಂಗ್ ಮೇಲೆ ಬರುವ ವೋಲ್ಟೇಜ್ ಬೇರೆ, ಅದು ಯಾವಾಗಲೂ ಇದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನೋದೇ ಇಲ್ಲಿ ವಿಷಯ.

ಮೊದಲು 198ರ ಮಾತು ಮುಗಿಸಿಬಿಡೋಣ. 220 ಅನ್ನೋದು ಎರಡು ಫೇಸ್ ನಡುವಿನ ವೋಲ್ಟೇಜ್. ಎಲ್‌ಎ ಕೂರುವುದು ಫೇಸ್ ಮತ್ತು ಭೂಮಿಯ ನಡುವೆ. ಸಿಸ್ಟಮ್‌ನ ಗರಿಷ್ಠ ವೋಲ್ಟೇಜ್ 245 ಕೆವಿ, ಅದನ್ನು √3 ರಿಂದ ಭಾಗಿಸಿದರೆ 141.5 ಕೆವಿ. ದಿನವಿಡೀ ಎಲ್‌ಎ ತಡೆದುಕೊಳ್ಳಬೇಕಾದ್ದು ಇಷ್ಟೇ. ಆದರೆ ಒಂದು ಫೇಸ್ ಭೂಮಿಗೆ ತಾಗಿದಾಗ ಉಳಿದ ಎರಡು ಫೇಸ್‌ಗಳ ವೋಲ್ಟೇಜ್ ಮೇಲೇರುತ್ತೆ. ನ್ಯೂಟ್ರಲ್ ಗಟ್ಟಿಯಾಗಿ ಅರ್ತ್ ಆಗಿರುವ ಸಿಸ್ಟಮ್‌ನಲ್ಲಿ ಆ ಏರಿಕೆ 1.4 ಪಟ್ಟು ದಾಟಬಾರದು ಅಂತ ಲೆಕ್ಕ. 141.5ನ್ನು 1.4ರಿಂದ ಗುಣಿಸಿ, 198 ಬರುತ್ತೆ. ಅರ್ತಿಂಗ್ ಅಷ್ಟು ಚೆನ್ನಾಗಿ ಇಲ್ಲದ ಕಡೆ ಈ ಲೆಕ್ಕ ನಡೆಯೋದಿಲ್ಲ. ಅಲ್ಲಿ ಫಾಲ್ಟ್ ನಿಂತಷ್ಟು ಹೊತ್ತು ಎಲ್‌ಎ ಒಳಗಿನ ಜಿಂಕ್ ಆಕ್ಸೈಡ್ ಬಿಲ್ಲೆಗಳು ಬಿಸಿಯಾಗುತ್ತಾ ಹೋಗಿ ಕೊನೆಗೆ ಎಲ್‌ಎನೇ ಸಿಡಿಯುತ್ತೆ.

ಹಾಗಂತ ಭಯಕ್ಕೆ 216 ಹಾಕಿದರೆ ಅದಕ್ಕೂ ಬೆಲೆ ಇದೆ. ನಮ್ಮ ದೇಶದಲ್ಲಿ 216ನ್ನೂ ಬಳಸುತ್ತಾರೆ, ತಪ್ಪೇನಲ್ಲ. ಆದರೆ ಅದೇ ಜಾತಿಯ ಎಲ್‌ಎನಲ್ಲಿ ರೇಟಿಂಗ್ ಏರಿದಂತೆ ರೆಸಿಡ್ಯುಯಲ್ ವೋಲ್ಟೇಜ್ ಕೂಡ ಏರುತ್ತೆ. ನಿಮ್ಮ 510 ಸುಮಾರು 556 ಆಗುತ್ತೆ. ಎಲ್‌ಎ ಸುರಕ್ಷಿತವಾಯಿತು, ಟ್ರಾನ್ಸ್‌ಫಾರ್ಮರ್‌ಗೆ ಸಿಗುವ ರಕ್ಷಣೆ ಅಷ್ಟು ಕಡಿಮೆಯಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ಸಿಡಿಲಿನ ಸರ್ಜ್ ತಂತಿಯ ಮೇಲೆ ಮೈಕ್ರೋಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತೆ. ಅಷ್ಟು ಚುರುಕಾದ ಅಲೆಗೆ ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಹೆಚ್ಚುಕಡಿಮೆ ತೆರೆದ ತುದಿಯ ಹಾಗೆ ಕಾಣುತ್ತೆ. ಸಮುದ್ರದ ಅಲೆ ತಡೆಗೋಡೆಗೆ ಬಡಿದು ಮೇಲಕ್ಕೆ ಚಿಮ್ಮುವಂತೆ ಸರ್ಜ್ ಬುಶಿಂಗ್‌ನಲ್ಲಿ ತಿರುಗಿಕೊಳ್ಳುತ್ತೆ, ಅಲ್ಲಿ ವೋಲ್ಟೇಜ್ ಎರಡು ಪಟ್ಟು ವೇಗದಲ್ಲಿ ಏರುತ್ತೆ. ಎಲ್‌ಎ ಅದನ್ನು ಇಳಿಸಲು ಕಳಿಸುವ ಅಲೆಯೂ ಅದೇ 300 ಮೀಟರ್ ವೇಗದಲ್ಲೇ ಬರಬೇಕು. ಅದು ಬಂದು ತಲುಪುವವರೆಗೆ ಬುಶಿಂಗ್ ಮೇಲಿನ ವೋಲ್ಟೇಜ್ ಏರುತ್ತಲೇ ಇರುತ್ತೆ. ಇದನ್ನು ಅಂದಾಜು ಮಾಡಲು ಒಂದು ಸರಳ ಸೂತ್ರ ಇದೆ:

```
U_T = U_res + 2 × S × L / 300
```

U_T ಅಂದರೆ ಟ್ರಾನ್ಸ್‌ಫಾರ್ಮರ್ ಬುಶಿಂಗ್ ಮೇಲಿನ ವೋಲ್ಟೇಜ್, U_res ಅಂದರೆ ಎಲ್‌ಎಯ ರೆಸಿಡ್ಯುಯಲ್ ವೋಲ್ಟೇಜ್. S ಅಂದರೆ ಒಳಬರುವ ಅಲೆ ಎಷ್ಟು ಕಡಿದಾಗಿ ಏರುತ್ತೆ ಅನ್ನೋದು, ಮೈಕ್ರೋಸೆಕೆಂಡಿಗೆ ಕೆವಿ ಲೆಕ್ಕದಲ್ಲಿ. L ಅಂದರೆ ಎಲ್‌ಎಯಿಂದ ಟ್ರಾನ್ಸ್‌ಫಾರ್ಮರ್‌ವರೆಗಿನ ದೂರ, ಮೀಟರ್‌ನಲ್ಲಿ. S ಅನ್ನು 1000 ಅಂತ ಇಟ್ಟುಕೊಳ್ಳೋಣ.

ಲೈನ್ ಎಂಟ್ರಿಯ ಎಲ್‌ಎಯಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಬಸ್‌ಬಾರ್ ಸೇರಿ 70 ಮೀಟರ್ ಇದೆ ಅನ್ನಿ. 510ಕ್ಕೆ 467 ಸೇರುತ್ತೆ, 977 ಕೆವಿ. ಬಿಐಎಲ್ 950. 86 ಪರ್ಸೆಂಟ್ ಇದ್ದ ಮಾರ್ಜಿನ್ ಈಗ ಸೊನ್ನೆಗಿಂತ ಕೆಳಗೆ. ಅದೇ ಎಲ್‌ಎ ಟ್ರಾನ್ಸ್‌ಫಾರ್ಮರ್ ಪಕ್ಕ ಇದ್ದು L 30 ಮೀಟರ್ ಆದರೆ 510ಕ್ಕೆ 200 ಸೇರಿ 710. ಅಂದರೆ 34 ಪರ್ಸೆಂಟ್ ಮಾರ್ಜಿನ್. ಒಳಗಿನ ಇನ್ಸುಲೇಶನ್‌ಗೆ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ ಕೇಳುವ ಸುರಕ್ಷಾ ಅಂಶ 1.15, ಹಾಗಾಗಿ ಬುಶಿಂಗ್ ಮೇಲೆ 826ಕ್ಕಿಂತ ಜಾಸ್ತಿ ಬರಬಾರದು. ಹಿಂದಕ್ಕೆ ಲೆಕ್ಕ ಮಾಡಿದರೆ L ಸುಮಾರು 47 ಮೀಟರ್‌ಗೆ ನಿಲ್ಲುತ್ತೆ. ನಿಮ್ಮ ಎರಡನೇ ಸೆಟ್‌ಗೆ ಇದೇ ಉತ್ತರ.

ಆದರೆ ಈ Lನ್ನು ಲೇಔಟ್ ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಡ್ರಾಯಿಂಗ್‌ನಲ್ಲಿ 20 ಮೀಟರ್ ಕಾಣಬಹುದು. ಅದಕ್ಕೆ ಮೇಲಿನ ಜಂಪರ್ ಒಂದು 3 ಮೀಟರ್, ಎಲ್‌ಎಯ ಸ್ವಂತ ಉದ್ದ 2 ಮೀಟರ್, ಕೆಳಗೆ ಸರ್ಜ್ ಕೌಂಟರ್ ಮೂಲಕ ಅರ್ತ್ ಮ್ಯಾಟ್‌ವರೆಗಿನ ಪಟ್ಟಿ 5 ಮೀಟರ್ ಸೇರಿಸಿ. 30 ಆಯಿತು. ಈ ತುಂಡುಗಳನ್ನು ಜನ ಮರೆಯುತ್ತಾರೆ. ಪ್ರತಿ ಮೀಟರ್ ತಂತಿಗೂ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತೆ, 10 ಕೆಎ ಒಂದು ಮೈಕ್ರೋಸೆಕೆಂಡಿನಲ್ಲಿ ಏರಿದರೆ ಮೀಟರಿಗೆ 10 ಕೆವಿ ಅಲ್ಲೇ ಬೀಳುತ್ತೆ. ಒಂದು ಯಾರ್ಡ್‌ನಲ್ಲಿ ನಾನು ನೋಡಿದ್ದು: ಎಲ್‌ಎಯ ಅರ್ತ್ ಪಟ್ಟಿ ಸ್ಟ್ರಕ್ಚರ್ ಕಾಲಿನ ಪಕ್ಕ ನೀಟಾಗಿ ಇಳಿದು, ಕೇಬಲ್ ಟ್ರೆಂಚ್ ಬಳಸಿಕೊಂಡು, ದೂರದ ತನ್ನದೇ ಪಿಟ್‌ಗೆ ಹೋಗಿತ್ತು. ಪಿಟ್‌ನ ರೆಸಿಸ್ಟೆನ್ಸ್ ಅಳೆದರೆ ಚೆನ್ನಾಗೇ ಬರುತ್ತೆ. ಸರ್ಜ್‌ಗೆ ಮಾತ್ರ ಆ ಸುತ್ತು ಅಡ್ಡಿ. ಎಲ್‌ಎಯ ಅರ್ತ್ ನೇರವಾಗಿ ಕೆಳಗಿಳಿದು ಮ್ಯಾಟ್‌ಗೆ ಸೇರಬೇಕು, ಟ್ರಾನ್ಸ್‌ಫಾರ್ಮರ್ ಟ್ಯಾಂಕ್‌ಗೂ ಗಿಡ್ಡ ದಾರಿಯಲ್ಲಿ ಜೋಡಣೆ ಇರಬೇಕು. ಪಿಟ್ ಬೇಕಾದರೆ ಜೊತೆಗಿರಲಿ.

ಇನ್ನು ಆ 1000 ಎಲ್ಲಿಂದ ಬಂತು ಅಂತ ಕೇಳ್ತೀರಿ. ಸಿಡಿಲು ಹೊಡೆದ ಜಾಗದಿಂದ ಅಲೆ ಓಡಿ ಬರುವಾಗ ಕೊರೋನಾದಿಂದ, ಅಂದರೆ ತಂತಿಯ ಸುತ್ತಲಿನ ಗಾಳಿಗೆ ಆಗುವ ವಿದ್ಯುತ್ ಸೋರಿಕೆಯಿಂದ, ಅದರ ಮುಂಭಾಗ ಸವೆಯುತ್ತೆ. ಒಂದೇ ಕಂಡಕ್ಟರ್ ಇರುವ ಲೈನ್‌ಗೆ ಐಇಸಿ ಕೊಡುವ ಸಂಖ್ಯೆಯ ಪ್ರಕಾರ, ಸುಮಾರು 670 ಮೀಟರ್ ದೂರದಲ್ಲಿ ಫ್ಲಾಶ್‌ಓವರ್ ಆದರೆ ಸ್ಟೇಷನ್‌ಗೆ ಬರುವಾಗ S 1000ದ ಹತ್ತಿರ ಇರುತ್ತೆ. ಅದೇ 300 ಮೀಟರ್‌ನಲ್ಲಿ ಆದರೆ S ಸುಮಾರು 2200. ಆಗ ಪಕ್ಕದಲ್ಲೇ ಇರುವ 30 ಮೀಟರ್‌ನ ಎಲ್‌ಎಗೂ ಬುಶಿಂಗ್ ಮೇಲೆ 950 ತಲುಪುತ್ತೆ. ಹಾಗಾಗಿ ಸ್ಟೇಷನ್ ಮುಂದಿನ ಮೊದಲ ಒಂದು ಕಿಲೋಮೀಟರಿನ ಟವರ್‌ಗಳ ಫೂಟಿಂಗ್ ರೆಸಿಸ್ಟೆನ್ಸ್ ಮತ್ತು ಅರ್ತ್ ವೈರ್ ನಿಮ್ಮ ಟ್ರಾನ್ಸ್‌ಫಾರ್ಮರ್‌ನ ರಕ್ಷಣೆಯ ಭಾಗವೇ. ಲೈನ್ ವಿಭಾಗದವರ ಕೆಲಸ ಅಂತ ಬಿಡಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮುಂಚೆ ಆ ಟವರ್‌ಗಳ ರೆಸಿಸ್ಟೆನ್ಸ್ ಅಳತೆ ಕೇಳಿ ತರಿಸಿಕೊಳ್ಳಿ.

ಸೂತ್ರ ವೋಲ್ಟೇಜನ್ನು ಸ್ವಲ್ಪ ಜಾಸ್ತಿಯೇ ತೋರಿಸುತ್ತೆ, ಅದನ್ನೂ ಹೇಳಬೇಕು. ಒಂದೇ ಲೈನ್, ಅದರ ತುದಿಗೆ ಒಂದೇ ಟ್ರಾನ್ಸ್‌ಫಾರ್ಮರ್ ಅಂತ ಅದು ಊಹಿಸುತ್ತೆ. ನಿಮ್ಮ ಬಸ್‌ಗೆ ನಾಲ್ಕು ಲೈನ್ ಇದ್ದರೆ ಸರ್ಜ್ ಹಂಚಿಹೋಗುತ್ತೆ, ನಿಜವಾದ ವೋಲ್ಟೇಜ್ ಕಡಿಮೆ. ಆದರೆ ಮೂರು ಲೈನ್ ಮೆಂಟೆನೆನ್ಸ್‌ಗೆ ತೆಗೆದು ಒಂದರಲ್ಲೇ ಸ್ಟೇಷನ್ ನಡೆಸುವ ದಿನಗಳೂ ಬರುತ್ತವೆ, ಆವತ್ತಿಗೆ ಸೂತ್ರ ಸರಿ. ಸರಿಯಾದ ಉತ್ತರ ಬೇಕಿದ್ದರೆ ಪಿಎಸ್‌ಕ್ಯಾಡ್ ಅಥವಾ ಇಎಂಟಿಪಿ ಸಾಫ್ಟ್‌ವೇರ್‌ನಲ್ಲಿ ಅಧ್ಯಯನ ಮಾಡಿಸಬೇಕು.

ಕೊನೆಗೆ ನಿಮ್ಮ ಟ್ರಾನ್ಸ್‌ಫಾರ್ಮರ್ ಹೊಸದೋ ಹಳೆಯದೋ ನೀವು ಬರೆದಿಲ್ಲ. 950 ಅನ್ನೋದು ಕಾರ್ಖಾನೆಯಲ್ಲಿ ಹೊಸದಾಗಿದ್ದಾಗ ಪಾಸಾದ ಪರೀಕ್ಷೆ. ರಿಪೇರಿ ಆಗಿ ಮರಳಿ ಬಂದ ಯೂನಿಟ್‌ಗೆ ಸಾಮಾನ್ಯವಾಗಿ ಮೂಲ ಮಟ್ಟದ 80 ಪರ್ಸೆಂಟ್‌ನಲ್ಲೇ ಪರೀಕ್ಷೆ ಮಾಡುತ್ತಾರೆ, ಅಂದರೆ 760. ಅದನ್ನು 710ರ ಪಕ್ಕ ಇಟ್ಟು ನೋಡಿ, ಉಳಿಯೋದು 7 ಪರ್ಸೆಂಟ್. ಅಂಥ ಯೂನಿಟ್ ಆಗಿದ್ದರೆ ಎಲ್‌ಎಯನ್ನು ಇನ್ನೂ ಹತ್ತಿರ, ಸಾಧ್ಯವಾದರೆ ಟ್ಯಾಂಕ್ ಮೇಲಿನ ಬ್ರಾಕೆಟ್‌ಗೇ ಕೂರಿಸಿ. ಆಗ L ಹತ್ತು ಮೀಟರ್‌ಗೂ ಕೆಳಗಿಳಿಯುತ್ತೆ, ಬುಶಿಂಗ್ ಮೇಲೆ ಸುಮಾರು 570 ಮಾತ್ರ ಬರುತ್ತೆ.