ಇಎಸ್‌ಆರ್ ಹೆಚ್ಚು, ಸಿಆರ್‌ಪಿ ನಾರ್ಮಲ್ ಬಂದಾಗ

"ಅಮ್ಮನಿಗೆ 62 ವರ್ಷ, ಸುಸ್ತು ಬಿಟ್ಟರೆ ಜ್ವರ, ನೋವು ಇಲ್ಲ. ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ 58, ಸಿಆರ್‌ಪಿ 3, ಹಿಮೋಗ್ಲೋಬಿನ್ 8.9. ಯಾವುದನ್ನು ನಂಬೋದು?"

ಎರಡೂ ಸರಿ ಇರಬಹುದು, ಅಳೆಯುವುದು ಬೇರೆ ಬೇರೆ. ಸಿಆರ್‌ಪಿ ಎಂಬುದು ಉರಿಯೂತದ ಸಂಕೇತ ಸಿಕ್ಕಾಗ ಯಕೃತ್ತು ತಯಾರಿಸುವ ಪ್ರೋಟೀನ್. ಕೆಲವೇ ಗಂಟೆಗಳಲ್ಲಿ ಏರಲು ಶುರುವಾಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ ಬೇಗ ಇಳಿಯುತ್ತದೆ.

ಇಎಸ್‌ಆರ್ ಒಂದು ಪ್ರೋಟೀನಿನ ಅಳತೆಯೇ ಅಲ್ಲ. ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವು ಎಂಬ ಲೆಕ್ಕ. ರಕ್ತದ ಪ್ರೋಟೀನ್‌ಗಳಾದ ಫೈಬ್ರಿನೋಜನ್, ಗ್ಲೋಬ್ಯುಲಿನ್ ಹೆಚ್ಚಿದ್ದರೆ ಕಣಗಳು ನಾಣ್ಯದ ಕಂತೆಯಂತೆ ಅಂಟಿಕೊಂಡು ಬೇಗ ಇಳಿಯುತ್ತವೆ. ರಕ್ತಹೀನತೆಯಲ್ಲಿ ಕಣಗಳೇ ಕಡಿಮೆ, ತಡೆಯೂ ಕಡಿಮೆ, ಹಾಗಾಗಿ ಉರಿಯೂತ ಇಲ್ಲದೆಯೂ ಏರುತ್ತದೆ. ವಯಸ್ಸು, ಗರ್ಭಧಾರಣೆ, ಕಿಡ್ನಿ ಕಾಯಿಲೆಯಲ್ಲೂ ಅಷ್ಟೇ. ಕೊಳವೆ ಸ್ವಲ್ಪ ವಾಲಿದ್ದರೂ ಅಂಕಿ ಸುಳ್ಳಾಗಿ ಹೆಚ್ಚುತ್ತದೆ.

ಮಹಿಳೆಯರಿಗೆ ಮೇಲ್ಮಿತಿಯ ಅಂದಾಜು: ವಯಸ್ಸಿಗೆ 10 ಕೂಡಿಸಿ ಅರ್ಧ ಮಾಡಿ. ಅಮ್ಮನಿಗೆ ಅದು 36. ಉಳಿದ ಏರಿಕೆಗೆ ಮೊದಲ ಅನುಮಾನ 8.9 ಹಿಮೋಗ್ಲೋಬಿನ್ ಮೇಲೆ. ಆದರೆ ಅಲ್ಲಿಗೇ ಬಿಡಬೇಡಿ. ವೈದ್ಯರ ಬಳಿ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್, ಒಟ್ಟು ಪ್ರೋಟೀನ್ ಮತ್ತು ಆಲ್ಬುಮಿನ್ ಮಾಡಿಸುವ ಬಗ್ಗೆ ಕೇಳಿ. ಈ ವಯಸ್ಸಿನಲ್ಲಿ ರಕ್ತಹೀನತೆ ಯಾಕೆ ಬಂತು ಎಂಬುದೇ ಮುಖ್ಯ ಪ್ರಶ್ನೆ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದು ಉಳಿಯುವ ಗ್ಲೋಬ್ಯುಲಿನ್ ಹೆಚ್ಚಿದ್ದರೆ, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದೆಯೇ ಎಂದು ನೋಡಲು, ಪ್ರೋಟೀನ್‌ಗಳನ್ನು ಬೇರ್ಪಡಿಸಿ ತೋರಿಸುವ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆ ಬೇಕು. ಮೈಲೋಮಾದಲ್ಲಿ ಸಿಆರ್‌ಪಿ ನಾರ್ಮಲ್ ಇರುವುದುಂಟು.

ಸಿಆರ್‌ಪಿ ಹೆಚ್ಚಿದ್ದರೂ ನ್ಯುಮೋನಿಯಾವೋ, ಸಂಧಿವಾತವೋ, ಹಲ್ಲಿನ ಕೀವೋ ಎಂದು ಅದು ಹೇಳುತ್ತಿರಲಿಲ್ಲ. ವರದಿಯಲ್ಲಿ ಅದರ ಯೂನಿಟ್ ಒಮ್ಮೆ ನೋಡಿ: ಲೀಟರಿಗೆ 3 ಮಿಲಿಗ್ರಾಂ ನಾರ್ಮಲ್, ಡೆಸಿಲೀಟರಿಗೆ 3 ಎಂದಿದ್ದರೆ ಹತ್ತು ಪಟ್ಟು. ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ನೋವು, ದೃಷ್ಟಿ ಮಂಜು ಬಂದರೆ ತಲೆಯ ರಕ್ತನಾಳಗಳ ಉರಿಯೂತ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.